ಪ್ರೀಮಿಯಂ ಷೇರು, ಕರೆ ಬಾಕಿ, ಮುಟ್ಟುಗೋಲು: ಕಂಪನಿ ಪುಸ್ತಕದಲ್ಲಿ ಬರೆಯುವ ಬಗೆ

ಷೇರು ಮುಟ್ಟುಗೋಲಿನ ಎಂಟ್ರಿಯಲ್ಲಿ ಜಾಸ್ತಿ ಜನ ಎಡವುವುದು ಒಂದೇ ಜಾಗದಲ್ಲಿ. ಪ್ರೀಮಿಯಂ ಖಾತೆಯನ್ನು ಡೆಬಿಟ್ ಮಾಡಬೇಕೋ ಬೇಡವೋ ಎನ್ನುವುದೇ ಆ ಜಾಗ. ಕೆಲವರು ಎಲ್ಲ ಮುಟ್ಟುಗೋಲಿಗೂ ಡೆಬಿಟ್ ಮಾಡುತ್ತಾರೆ, ಕೆಲವರು ಯಾವುದಕ್ಕೂ ಮಾಡುವುದಿಲ್ಲ. ಎರಡೂ ತಪ್ಪು. ಆ ಷೇರುದಾರರಿಂದ ಪ್ರೀಮಿಯಂ ಹಣ ಕಂಪನಿಯ ಕೈಗೆ ಬಂದಿತ್ತೋ ಇಲ್ಲವೋ ಎಂದು ನೋಡಿ ತೀರ್ಮಾನಿಸಬೇಕು. ಅದು ಗೊತ್ತಾಗಬೇಕಾದರೆ ಷೇರು ನೀಡಿದ ದಿನದಿಂದಲೇ ಪುಸ್ತಕ ಸರಿಯಾಗಿ ಬರೆದಿರಬೇಕು. ಹಾಗಾಗಿ ಮೊದಲ ಎಂಟ್ರಿಯಿಂದಲೇ ಶುರು ಮಾಡೋಣ.

ಮಂಡ್ಯದಲ್ಲಿ ಬೆಲ್ಲ ತಯಾರಿಸಿ ಪ್ಯಾಕ್ ಮಾಡಿ ಮಾರುವ ಒಂದು ಕಂಪನಿ ಇದೆ ಎಂದು ಇಟ್ಟುಕೊಳ್ಳಿ. ಕಂಪನಿಯೂ ಅಂಕಿಗಳೂ ಉದಾಹರಣೆಗಾಗಿ ಕಟ್ಟಿದವು. ಹೊಸ ಯಂತ್ರಕ್ಕೆ ಹಣ ಬೇಕಾಗಿದೆ. ಕಂಪನಿ 10 ರೂಪಾಯಿ ಮುಖಬೆಲೆಯ 10,000 ಷೇರುಗಳನ್ನು ತಲಾ 5 ರೂಪಾಯಿ ಪ್ರೀಮಿಯಂ ಸೇರಿಸಿ 15 ರೂಪಾಯಿಗೆ ನೀಡುತ್ತದೆ. ಹಣ ಕಟ್ಟುವ ಕಂತುಗಳು ಹೀಗಿವೆ:

ಅರ್ಜಿಯ ಜೊತೆ: 3 ರೂ.
ಹಂಚಿಕೆಯಾದಾಗ: 7 ರೂ. (ಬಂಡವಾಳ 2, ಪ್ರೀಮಿಯಂ 5)
ಮೊದಲ ಕರೆ: 2.50 ರೂ.
ಅಂತಿಮ ಕರೆ: 2.50 ರೂ.

ಕರೆಯನ್ನು 2.50 ರೂಪಾಯಿ ಎಂದು ಇಟ್ಟಿರುವುದಕ್ಕೆ ಕಾರಣವಿದೆ. 2013ರ ಕಂಪನಿ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ‘ಟೇಬಲ್ ಎಫ್’ ಎಂಬ ಮಾದರಿ ನಿಯಮಾವಳಿ ಇದೆ. ಕಂಪನಿ ಅದನ್ನೇ ಪಾಲಿಸುತ್ತಿದ್ದರೆ ಒಂದು ಕರೆ ಮುಖಬೆಲೆಯ ಕಾಲು ಭಾಗವನ್ನು ಮೀರಬಾರದು. ಹಿಂದಿನ ಕರೆಗೆ ಹಣ ಕಟ್ಟಲು ಗೊತ್ತುಮಾಡಿದ ದಿನಕ್ಕೂ ಮುಂದಿನ ಕರೆಯ ದಿನಕ್ಕೂ ಕನಿಷ್ಠ ಒಂದು ತಿಂಗಳ ಅಂತರ ಇರಬೇಕು. ಷೇರುದಾರರಿಗೆ ಕನಿಷ್ಠ 14 ದಿನ ಮೊದಲೇ ನೋಟಿಸ್ ಹೋಗಬೇಕು. ನಿಮ್ಮ ಕಂಪನಿಗೆ ಬೇರೆ ನಿಯಮಾವಳಿ ಇದ್ದರೆ ಅದನ್ನು ತೆಗೆದು ಓದಿ, ಆಮೇಲೆ ಕಂತು ಹಾಕಿ.

ಇನ್ನೊಂದು ಮಾತು. ಷೇರುದಾರರಲ್ಲಿ ಹೆಚ್ಚಿನವರು ರೈತರಾಗಿದ್ದರೆ ಕರೆಯ ದಿನವನ್ನು ಕಬ್ಬಿನ ಬಿಲ್ ಕೈಗೆ ಬರುವ ಕಾಲಕ್ಕೆ ಹೊಂದಿಸಿ ಇಡುವುದು ಒಳ್ಳೆಯದು. ಬಿಲ್ ಬಾರದೆ ಕೈ ಖಾಲಿ ಇರುವ ತಿಂಗಳಲ್ಲಿ ಕರೆ ಮಾಡಿದರೆ ಬಾಕಿ ಬೆಳೆಯುತ್ತದೆ. ಎಷ್ಟೋ ಮುಟ್ಟುಗೋಲನ್ನು ತಾರೀಕು ಗೊತ್ತುಮಾಡುವಾಗಲೇ ತಪ್ಪಿಸಬಹುದು.

ಅರ್ಜಿ ಮತ್ತು ಹಂಚಿಕೆ

ಸರಿಯಾಗಿ 10,000 ಷೇರುಗಳಿಗೇ ಅರ್ಜಿ ಬಂದಿವೆ ಎಂದುಕೊಳ್ಳೋಣ. ಹೆಚ್ಚುವರಿ ಅರ್ಜಿ, ಹಣ ವಾಪಸಾತಿ ಇವೆಲ್ಲ ಬೇರೆ ಕತೆ, ಇಲ್ಲಿ ಬೇಡ.

ಅರ್ಜಿ ಹಣ ಬಂದಾಗ:
ಬ್ಯಾಂಕ್ ಖಾತೆ ಡೆಬಿಟ್ 30,000
ಷೇರು ಅರ್ಜಿ ಖಾತೆ ಕ್ರೆಡಿಟ್ 30,000

ಬೋರ್ಡ್ ಹಂಚಿಕೆಗೆ ಒಪ್ಪಿದ ದಿನ:
ಷೇರು ಅರ್ಜಿ ಖಾತೆ ಡೆಬಿಟ್ 30,000
ಷೇರು ಬಂಡವಾಳ ಖಾತೆ ಕ್ರೆಡಿಟ್ 30,000

ಅದೇ ದಿನ ಹಂಚಿಕೆ ಹಣ ಬರಬೇಕೆಂದು ಬರೆಯುವುದು:
ಷೇರು ಹಂಚಿಕೆ ಖಾತೆ ಡೆಬಿಟ್ 70,000
ಷೇರು ಬಂಡವಾಳ ಖಾತೆ ಕ್ರೆಡಿಟ್ 20,000
ಸೆಕ್ಯೂರಿಟಿ ಪ್ರೀಮಿಯಂ ಖಾತೆ ಕ್ರೆಡಿಟ್ 50,000

ಈ ಮೂರನೇ ಎಂಟ್ರಿಯ ಹತ್ತಿರ ಸ್ವಲ್ಪ ನಿಲ್ಲಿ. ಇಲ್ಲಿ ಪ್ರೀಮಿಯಂ ಖಾತೆಗೆ 50,000 ಜಮಾ ಆಯಿತು. ಆದರೆ ಒಂದು ರೂಪಾಯಿ ಪ್ರೀಮಿಯಂ ಕೂಡ ಇನ್ನೂ ಕೈಗೆ ಬಂದಿಲ್ಲ. ಬರಬೇಕಾದದ್ದನ್ನು ಬಂದಂತೆ ಬರೆದಿದ್ದೇವೆ, ಅಷ್ಟೇ. ಕಾಯ್ದೆಯ 52ನೇ ಸೆಕ್ಷನ್ ಪ್ರೀಮಿಯಂ ಖಾತೆಗೆ ಹಾಕಬೇಕು ಎನ್ನುವುದು ಬಂದ ಪ್ರೀಮಿಯಂ ಹಣವನ್ನು. ಬರಬೇಕಾದದ್ದಕ್ಕೂ ಬಂದದ್ದಕ್ಕೂ ಇರುವ ಈ ವ್ಯತ್ಯಾಸವೇ ಮುಂದೆ ಮುಟ್ಟುಗೋಲಿನ ಎಂಟ್ರಿಯನ್ನು ನಿರ್ಧರಿಸುತ್ತದೆ.

ಪ್ರೀಮಿಯಂ ಹಣವನ್ನು ಕಂಪನಿ ಲಾಭದ ಹಾಗೆ ಹಂಚುವಂತಿಲ್ಲ, ಡಿವಿಡೆಂಡ್ ಕೊಡುವಂತಿಲ್ಲ. ಬೋನಸ್ ಷೇರು ನೀಡುವುದು, ಷೇರು ನೀಡಲು ಆದ ಖರ್ಚನ್ನು ತೀರಿಸುವುದು, ಷೇರು ಮರುಖರೀದಿ, ಹೀಗೆ ಅದೇ ಸೆಕ್ಷನ್ ಹೇಳಿದ ಕೆಲವೇ ಕೆಲಸಗಳಿಗೆ ಬಳಸಬಹುದು. ಆದ್ದರಿಂದ ಆ ಖಾತೆಯಲ್ಲಿ ನಿಜವಾಗಿ ಬಂದ ಹಣ ಎಷ್ಟು ಎನ್ನುವುದು ಸುಮ್ನೆ ಬಿಡುವ ವಿಷಯವಲ್ಲ.

ಬಾಕಿ ಶುರುವಾಗುವುದು

ನಮ್ಮ ಉದಾಹರಣೆಯಲ್ಲಿ ಇಬ್ಬರು ಷೇರುದಾರರು ಹಣ ಬಾಕಿ ಇಡುತ್ತಾರೆ. ಮದ್ದೂರಿನವರ ಹತ್ತಿರ 100 ಷೇರು. ಅವರು ಅರ್ಜಿ ಹಣ ಕಟ್ಟಿದ ಮೇಲೆ ಏನನ್ನೂ ಕಟ್ಟಲಿಲ್ಲ. ಪಾಂಡವಪುರದವರ ಹತ್ತಿರ 200 ಷೇರು. ಅವರು ಅರ್ಜಿ ಹಣವನ್ನೂ ಹಂಚಿಕೆ ಹಣವನ್ನೂ ಕಟ್ಟಿದರು, ಎರಡು ಕರೆಗಳನ್ನು ಮಾತ್ರ ಕಟ್ಟಲಿಲ್ಲ. ಅಂದರೆ ಪಾಂಡವಪುರದವರ ಪ್ರೀಮಿಯಂ ಬಂದಿದೆ, ಮದ್ದೂರಿನವರದು ಬಂದಿಲ್ಲ. ಇದನ್ನು ನೆನಪಿಡಿ.

ಹಂಚಿಕೆ ಹಣ ಬಂದಾಗ ಮದ್ದೂರಿನವರ 100 ಷೇರಿಗೆ ತಲಾ 7ರಂತೆ 700 ಕಡಿಮೆ:
ಬ್ಯಾಂಕ್ ಖಾತೆ ಡೆಬಿಟ್ 69,300
ಕರೆ ಬಾಕಿ ಖಾತೆ ಡೆಬಿಟ್ 700
ಷೇರು ಹಂಚಿಕೆ ಖಾತೆ ಕ್ರೆಡಿಟ್ 70,000

ಮೊದಲ ಕರೆ ಮಾಡಿದಾಗ:
ಮೊದಲ ಕರೆ ಖಾತೆ ಡೆಬಿಟ್ 25,000
ಷೇರು ಬಂಡವಾಳ ಖಾತೆ ಕ್ರೆಡಿಟ್ 25,000

ಹಣ ಬಂದಾಗ (300 ಷೇರಿನ ಬಾಕಿ ಬಿಟ್ಟು):
ಬ್ಯಾಂಕ್ ಖಾತೆ ಡೆಬಿಟ್ 24,250
ಕರೆ ಬಾಕಿ ಖಾತೆ ಡೆಬಿಟ್ 750
ಮೊದಲ ಕರೆ ಖಾತೆ ಕ್ರೆಡಿಟ್ 25,000

ಅಂತಿಮ ಕರೆಗೂ ಇವೇ ಎರಡು ಎಂಟ್ರಿ, ಇವೇ ಅಂಕಿ. ಕೊನೆಗೆ ಕರೆ ಬಾಕಿ ಖಾತೆಯಲ್ಲಿ 700, 750, 750 ಸೇರಿ 2,200 ನಿಲ್ಲುತ್ತದೆ.

ಕರೆ ಬಾಕಿ ಖಾತೆ ತೆರೆಯಲೇಬೇಕು ಎಂದೇನಿಲ್ಲ. ಬಂದಷ್ಟು ಹಣವನ್ನು ಮಾತ್ರ ಕ್ರೆಡಿಟ್ ಮಾಡಿ, ಉಳಿದ ಬಾಕಿಯನ್ನು ಹಂಚಿಕೆ ಖಾತೆ ಮತ್ತು ಕರೆ ಖಾತೆಗಳಲ್ಲೇ ಬಿಡುವವರೂ ಇದ್ದಾರೆ. ಆ ಪದ್ಧತಿಯಲ್ಲಿ ಮುಟ್ಟುಗೋಲು ಹಾಕುವಾಗ ಆ ಖಾತೆಗಳನ್ನೇ ಕ್ರೆಡಿಟ್ ಮಾಡಬೇಕು. ಎರಡರಲ್ಲಿ ಒಂದನ್ನು ಹಿಡಿದರೆ ಕೊನೆವರೆಗೂ ಅದನ್ನೇ ಹಿಡಿಯಿರಿ. ನನ್ನ ಮಟ್ಟಿಗೆ ಬೇರೆ ಖಾತೆ ತೆರೆಯುವುದೇ ವಾಸಿ, ಯಾರ ಹಣ ಬರಬೇಕು ಎಂದು ಬೋರ್ಡ್ ಕೇಳಿದಾಗ ಒಂದೇ ಕಡೆ ಸಿಗುತ್ತದೆ.

ಆದರೆ ಲೆಡ್ಜರ್‌ನಲ್ಲಿ 2,200 ಎಂಬ ಒಂದು ಅಂಕಿ ಮಾತ್ರ ಇದ್ದರೆ ಸಾಲದು. ಅದರ ಜೊತೆಗೆ ಒಂದು ಬಾಕಿ ಪಟ್ಟಿ ಇಡಲೇಬೇಕು. ಪ್ರತಿ ಷೇರುದಾರರ ಎದುರು ಬಂಡವಾಳದ ಬಾಕಿ ಒಂದು ಕಾಲಂ, ಪ್ರೀಮಿಯಂ ಬಾಕಿ ಇನ್ನೊಂದು ಕಾಲಂ. ನಮ್ಮ ಪಟ್ಟಿ ಹೀಗಿರುತ್ತದೆ:

ಪಾಂಡವಪುರ, 200 ಷೇರು: ಬಂಡವಾಳ ಬಾಕಿ 1,000, ಪ್ರೀಮಿಯಂ ಬಾಕಿ ಇಲ್ಲ, ಒಟ್ಟು 1,000
ಮದ್ದೂರು, 100 ಷೇರು: ಬಂಡವಾಳ ಬಾಕಿ 700, ಪ್ರೀಮಿಯಂ ಬಾಕಿ 500, ಒಟ್ಟು 1,200

ಪಟ್ಟಿಯ ಒಟ್ಟು 2,200. ಲೆಡ್ಜರ್‌ಗೆ ತಾಳೆಯಾಯಿತು. ತಾಳೆಯಾಗದಿದ್ದರೆ ಮುಂದೆ ಹೋಗಬೇಡಿ. ಹೆಚ್ಚಾಗಿ ಯಾರೋ ತಡವಾಗಿ ಕಟ್ಟಿದ ಹಣವನ್ನು ಕರೆ ಬಾಕಿ ಖಾತೆಗೆ ಜಮಾ ಮಾಡದೆ ಬೇರೆಲ್ಲೋ ಹಾಕಿರುತ್ತಾರೆ.

ಈ ಎರಡು ಕಾಲಂ ಇನ್ನೊಂದು ಕಡೆಯೂ ಕೆಲಸಕ್ಕೆ ಬರುತ್ತವೆ. ಮುಟ್ಟುಗೋಲಿಗೆ ಮೊದಲೇ ಮಾರ್ಚ್ 31 ಬಂದು ಬ್ಯಾಲೆನ್ಸ್ ಶೀಟ್ ತಯಾರಿಸಬೇಕಾದರೆ, 2,200 ಪೂರ್ತಿಯನ್ನು ಷೇರು ಬಂಡವಾಳದಿಂದ ಕಳೆಯಬಾರದು. ಬಂಡವಾಳದಿಂದ 1,700 ಕಳೆಯಿರಿ, ಪ್ರೀಮಿಯಂ ಖಾತೆಯ 50,000ದಿಂದ 500 ಕಳೆಯಿರಿ.

ಬಾಕಿಗೆ ಬಡ್ಡಿ ಹಾಕಬಹುದು. ಟೇಬಲ್ ಎಫ್ ಪ್ರಕಾರ ಅದು ವರ್ಷಕ್ಕೆ ಹೆಚ್ಚೆಂದರೆ ಶೇಕಡಾ 10. ಬೋರ್ಡ್ ಅದನ್ನು ಕಡಿಮೆ ಮಾಡಬಹುದು, ಪೂರ್ತಿ ಬಿಡಲೂಬಹುದು. ಪಾಂಡವಪುರದವರ ಮೊದಲ ಕರೆ ಬಾಕಿ 500ಕ್ಕೆ ಮೂರು ತಿಂಗಳ ಬಡ್ಡಿ 12.50 ರೂಪಾಯಿ ಆಗುತ್ತದೆ. ಇದು ಕಂಪನಿಯ ಆದಾಯ, ಬಂಡವಾಳದ ಖಾತೆಗಳ ಜೊತೆ ಸೇರಿಸಬೇಡಿ.

ನೋಟಿಸ್ ಮೊದಲು, ಎಂಟ್ರಿ ಆಮೇಲೆ

ಬಾಕಿ ಇದೆ ಎಂದ ಮಾತ್ರಕ್ಕೆ ಮುಟ್ಟುಗೋಲು ಎಂಟ್ರಿ ಬರೆಯುವಂತಿಲ್ಲ. ಕಂಪನಿಯ ನಿಯಮಾವಳಿಯಲ್ಲಿ ಮುಟ್ಟುಗೋಲಿಗೆ ಅಧಿಕಾರ ಇರಬೇಕು. ಟೇಬಲ್ ಎಫ್‌ನಲ್ಲಿ ಅದು ಇದೆ. ಬೋರ್ಡ್ ಮೊದಲು ಷೇರುದಾರರಿಗೆ ನೋಟಿಸ್ ಕೊಡಬೇಕು. ನೋಟಿಸ್ ತಲುಪಿದ ದಿನದಿಂದ ಕನಿಷ್ಠ 14 ದಿನ ಕಳೆದ ಮೇಲಿನ ಒಂದು ದಿನವನ್ನು ಅದರಲ್ಲಿ ಹೇಳಬೇಕು. ಆ ದಿನದೊಳಗೆ ಕಟ್ಟದಿದ್ದರೆ ಷೇರು ಮುಟ್ಟುಗೋಲಾಗಬಹುದು ಎಂದೂ ಬರೆದಿರಬೇಕು. ಹಣ ಬಾರದಿದ್ದರೆ ಬೋರ್ಡ್ ಮತ್ತೆ ಸೇರಿ ಮುಟ್ಟುಗೋಲಿನ ನಿರ್ಣಯ ಮಾಡಬೇಕು. ಎಂಟ್ರಿಯ ತಾರೀಕು ಆ ನಿರ್ಣಯದ ತಾರೀಕು, ನೋಟಿಸಿನದಲ್ಲ.

ನೋಟಿಸಿನಲ್ಲಿ ಬರೆಯುವ ಮೊತ್ತದ ಬಗ್ಗೆ ತುಂಬ ಎಚ್ಚರ ಬೇಕು. ಸಣ್ಣ ಲೋಪವಿದ್ದರೂ ಮುಟ್ಟುಗೋಲು ಕಾನೂನಿನ ಮುಂದೆ ನಿಲ್ಲುವುದಿಲ್ಲ, ಸುಪ್ರೀಂ ಕೋರ್ಟ್ ಕೂಡ ಇದನ್ನು ಹೇಳಿದೆ. ಬಾಕಿ ಪಟ್ಟಿಯಿಂದ ಮೊತ್ತ ತೆಗೆದುಕೊಳ್ಳಿ. ಬಡ್ಡಿ ಕೇಳುವುದಾದರೆ ಎಷ್ಟು, ಯಾವ ದಿನದಿಂದ ಎಂದು ಸ್ಪಷ್ಟವಾಗಿ ಬರೆಯಿರಿ. ಒಬ್ಬರ ಷೇರನ್ನು ಕಿತ್ತುಕೊಳ್ಳುವ ಕೆಲಸ ಇದು, ಅವರಿಗೆ ಹಣ ಕಟ್ಟುವ ಪೂರ್ತಿ ಅವಕಾಶ ಸಿಗಲೇಬೇಕು.

ಮುಟ್ಟುಗೋಲಿನ ಎಂಟ್ರಿ

ಮುಟ್ಟುಗೋಲು ಎಂದರೆ ಆ ಷೇರುಗಳಿಗಾಗಿ ಬರೆದದ್ದನ್ನು ಹಿಂದಕ್ಕೆ ತಿರುಗಿಸುವುದು. ಬಂಡವಾಳ ಖಾತೆಗೆ ಜಮಾ ಮಾಡಿದ್ದನ್ನು ಡೆಬಿಟ್ ಮಾಡುತ್ತೇವೆ. ಬಾಕಿಯನ್ನು ಕ್ರೆಡಿಟ್ ಮಾಡಿ ತೆಗೆಯುತ್ತೇವೆ. ಬಂಡವಾಳವಾಗಿ ಕೈಗೆ ಬಂದಿದ್ದ ಹಣ ಉಳಿಯುತ್ತದಲ್ಲ, ಅದನ್ನು ಷೇರು ಮುಟ್ಟುಗೋಲು ಖಾತೆಗೆ ಹಾಕುತ್ತೇವೆ.

ಪಾಂಡವಪುರದವರ 200 ಷೇರು:
ಷೇರು ಬಂಡವಾಳ ಖಾತೆ ಡೆಬಿಟ್ 2,000
ಕರೆ ಬಾಕಿ ಖಾತೆ ಕ್ರೆಡಿಟ್ 1,000
ಷೇರು ಮುಟ್ಟುಗೋಲು ಖಾತೆ ಕ್ರೆಡಿಟ್ 1,000

ಇವರು ಕಟ್ಟಿದ್ದು ಷೇರಿಗೆ 10 ರೂಪಾಯಿ, ಒಟ್ಟು 2,000. ಮುಟ್ಟುಗೋಲು ಖಾತೆಗೆ ಹೋದದ್ದು 1,000 ಮಾತ್ರ. ಉಳಿದ 1,000 ಪ್ರೀಮಿಯಂ. ಅದು ಬಂದಾಗಿದೆ, ಪ್ರೀಮಿಯಂ ಖಾತೆಯಲ್ಲಿ ಕೂತಿದೆ, ಅಲ್ಲೇ ಇರುತ್ತದೆ. ಷೇರು ಮುಟ್ಟುಗೋಲಾಯಿತೆಂದು ಬಂದ ಪ್ರೀಮಿಯಂ ಬಾರದೆ ಹೋದಂತಾಗುವುದಿಲ್ಲ, ಅಲ್ವಾ?

ಮದ್ದೂರಿನವರ 100 ಷೇರು:
ಷೇರು ಬಂಡವಾಳ ಖಾತೆ ಡೆಬಿಟ್ 1,000
ಸೆಕ್ಯೂರಿಟಿ ಪ್ರೀಮಿಯಂ ಖಾತೆ ಡೆಬಿಟ್ 500
ಕರೆ ಬಾಕಿ ಖಾತೆ ಕ್ರೆಡಿಟ್ 1,200
ಷೇರು ಮುಟ್ಟುಗೋಲು ಖಾತೆ ಕ್ರೆಡಿಟ್ 300

ಇವರ ಪ್ರೀಮಿಯಂ 500 ಬರಲೇ ಇಲ್ಲ. ಹಂಚಿಕೆಯ ದಿನ ಬರಬೇಕೆಂದು ಜಮಾ ಮಾಡಿದ್ದೆವು. ಇನ್ನು ಬರುತ್ತದೆ ಎಂಬ ಭರವಸೆ ಇಲ್ಲದಿರುವುದರಿಂದ ಅದನ್ನು ತೆಗೆಯುತ್ತೇವೆ. ಅರ್ಜಿಯ ಜೊತೆ ಕೊಟ್ಟ 300 ಮಾತ್ರ ಮುಟ್ಟುಗೋಲು ಖಾತೆಗೆ ಬರುತ್ತದೆ.

ಇಲ್ಲಿ ತಪ್ಪಿದ್ದರೆ ಹೇಗೆ ಗೊತ್ತಾಗುತ್ತದೆ? ಪಾಂಡವಪುರದವರ ಎಂಟ್ರಿಯಲ್ಲಿ ಪ್ರೀಮಿಯಂ 1,000 ಡೆಬಿಟ್ ಮಾಡಿದವರಿಗೆ ಮುಟ್ಟುಗೋಲು ಖಾತೆಯಲ್ಲಿ 2,000 ಬಂದುಬಿಡುತ್ತದೆ. ಎಂಟ್ರಿ ಸಮವಾಗಿಯೇ ಕಾಣುತ್ತದೆ, ಹಾಗಾಗಿ ಡೆಬಿಟ್ ಕ್ರೆಡಿಟ್ ತಾಳೆ ನೋಡಿದರೆ ತಪ್ಪು ಸಿಕ್ಕುವುದಿಲ್ಲ. ಬೇರೆ ಪರೀಕ್ಷೆ ಬೇಕು. ಮುಟ್ಟುಗೋಲು ಖಾತೆಯ ಮೊತ್ತವನ್ನು ಷೇರುಗಳ ಸಂಖ್ಯೆಯಿಂದ ಭಾಗಿಸಿ. ಪಾಂಡವಪುರದ್ದು 5 ರೂಪಾಯಿ ಬರಬೇಕು, ಅಂದರೆ ಅರ್ಜಿಯ 3 ಮತ್ತು ಹಂಚಿಕೆಯ ಬಂಡವಾಳ ಭಾಗ 2. ಮದ್ದೂರಿನದು 3 ಬರಬೇಕು. ಬಂದ ಅಂಕಿ ಇವರು ಬಂಡವಾಳವಾಗಿ ಕಟ್ಟಿದ್ದಕ್ಕಿಂತ ಬೇರೆಯಾಗಿದ್ದರೆ ಪ್ರೀಮಿಯಂ ಎಲ್ಲೋ ಸೇರಿಕೊಂಡಿದೆ.

ಇನ್ನೊಂದು ತಪ್ಪೂ ಸಾಮಾನ್ಯ. ಅಂತಿಮ ಕರೆ ಮಾಡುವ ಮೊದಲೇ ಮುಟ್ಟುಗೋಲು ಹಾಕಿದರೆ ಬಂಡವಾಳವನ್ನು 10 ರೂಪಾಯಿಯಂತೆ ಡೆಬಿಟ್ ಮಾಡಬಾರದು. ಅಲ್ಲಿಯವರೆಗೆ ಕರೆದಷ್ಟು ಮಾತ್ರ, ಅಂದರೆ 7.50ರಂತೆ ಮಾಡಬೇಕು. ಪಾಂಡವಪುರದವರ ಷೇರುಗಳನ್ನು ಮೊದಲ ಕರೆಯ ನಂತರವೇ ಮುಟ್ಟುಗೋಲು ಹಾಕಿದ್ದರೆ ಬಂಡವಾಳ ಡೆಬಿಟ್ 1,500, ಕರೆ ಬಾಕಿ ಕ್ರೆಡಿಟ್ 500, ಮುಟ್ಟುಗೋಲು ಕ್ರೆಡಿಟ್ ಅದೇ 1,000. ಕಟ್ಟಿದ ಹಣ ಬದಲಾಗಿಲ್ಲ, ಹಾಗಾಗಿ ಮುಟ್ಟುಗೋಲು ಖಾತೆಯ ಮೊತ್ತವೂ ಬದಲಾಗುವುದಿಲ್ಲ.

ಎರಡೂ ಎಂಟ್ರಿ ಆದಮೇಲೆ ಕರೆ ಬಾಕಿ ಖಾತೆ ಸೊನ್ನೆಯಾಗುತ್ತದೆ. ಷೇರು ಬಂಡವಾಳ 97,000, ಪ್ರೀಮಿಯಂ 49,500, ಮುಟ್ಟುಗೋಲು 1,300. ಮೂರನ್ನೂ ಕೂಡಿದರೆ 1,47,800. ಬ್ಯಾಂಕಿಗೆ ಬಂದ 30,000, 69,300, 24,250, 24,250 ಕೂಡಿದರೂ ಅದೇ 1,47,800. ಷೇರಿನಿಂದ ಬಂದ ಹಣವೆಲ್ಲ ಈ ಮೂರು ಖಾತೆಗಳಲ್ಲೇ ಇರಬೇಕಾದ್ದರಿಂದ ಈ ತಾಳೆ ತಪ್ಪದೆ ನೋಡಿ.

ಮುಟ್ಟುಗೋಲಾದವರು ಷೇರುದಾರರಾಗಿ ಉಳಿಯುವುದಿಲ್ಲ. ಆದರೂ ಟೇಬಲ್ ಎಫ್ ಪ್ರಕಾರ ಮುಟ್ಟುಗೋಲಿನ ದಿನಕ್ಕೆ ಇದ್ದ ಬಾಕಿಗೆ ಅವರು ಹೊಣೆಯಾಗಿಯೇ ಇರುತ್ತಾರೆ. ಪುಸ್ತಕದಲ್ಲಿ ಬಾಕಿ ಸೊನ್ನೆಯಾಯಿತೆಂದು ಹಕ್ಕು ಹೋಗುವುದಿಲ್ಲ. ಹಾಗಾಗಿ ಬಾಕಿ ಪಟ್ಟಿಯನ್ನು ಹರಿದು ಹಾಕದೆ ನಿರ್ಣಯದ ಪ್ರತಿಯ ಜೊತೆ ಫೈಲಿನಲ್ಲಿಡಿ.

ಮರುವಿತರಣೆ

ಮುಟ್ಟುಗೋಲಾದ 300 ಷೇರುಗಳಲ್ಲಿ 250ನ್ನು ಮೈಸೂರಿನ ಒಬ್ಬ ಹೊಸ ಹೂಡಿಕೆದಾರರಿಗೆ ಪೂರ್ತಿ ಪಾವತಿಯಾದ ಷೇರುಗಳೆಂದು 8 ರೂಪಾಯಿಗೆ ಕೊಡುತ್ತಾರೆ. ಪಾಂಡವಪುರದ 200, ಮದ್ದೂರಿನ 50.

ಷೇರನ್ನು ಮುಖಬೆಲೆಗಿಂತ ಕಡಿಮೆಗೆ ನೀಡುವುದನ್ನು 53ನೇ ಸೆಕ್ಷನ್ ತಡೆಯುತ್ತದಲ್ಲ ಎಂದು ಕೇಳುವವರಿದ್ದಾರೆ. ಒಳ್ಳೆಯ ಪ್ರಶ್ನೆ. ಆ ತಡೆ ಹೊಸದಾಗಿ ನೀಡುವ ಷೇರಿಗೆ. ಇಲ್ಲಿ ಹಳಬರು ಕಟ್ಟಿದ್ದು ಕಂಪನಿಯಲ್ಲೇ ಇದೆ. ಹೊಸಬರ 8 ರೂಪಾಯಿಗೆ ಪಾಂಡವಪುರದ 5 ಸೇರಿದರೆ 13, ಮದ್ದೂರಿನ 3 ಸೇರಿದರೆ 11. ಎರಡೂ 10ಕ್ಕಿಂತ ಕಡಿಮೆಯಿಲ್ಲ. ಮಿತಿಯೂ ಇದರಿಂದಲೇ ತಿಳಿಯುತ್ತದೆ. ಆ ಷೇರಿಗೆ ಮುಟ್ಟುಗೋಲು ಖಾತೆಯಲ್ಲಿ ಎಷ್ಟಿದೆಯೋ ಅಷ್ಟರವರೆಗೆ ಮಾತ್ರ ಬೆಲೆ ಇಳಿಸಬಹುದು. ಪಾಂಡವಪುರದ ಷೇರನ್ನು 5 ರೂಪಾಯಿವರೆಗೂ ಇಳಿಸಬಹುದು, ಮದ್ದೂರಿನದನ್ನು 7ಕ್ಕಿಂತ ಕೆಳಗೆ ಇಳಿಸುವಂತಿಲ್ಲ.

ಬ್ಯಾಂಕ್ ಖಾತೆ ಡೆಬಿಟ್ 2,000
ಷೇರು ಮುಟ್ಟುಗೋಲು ಖಾತೆ ಡೆಬಿಟ್ 500
ಷೇರು ಬಂಡವಾಳ ಖಾತೆ ಕ್ರೆಡಿಟ್ 2,500

ಒಂದು ವೇಳೆ 12 ರೂಪಾಯಿಗೆ ಕೊಟ್ಟಿದ್ದರೆ ಮುಟ್ಟುಗೋಲು ಖಾತೆಯನ್ನು ಮುಟ್ಟುವ ಅಗತ್ಯವೇ ಇರುತ್ತಿರಲಿಲ್ಲ. ಹೆಚ್ಚುವರಿ 2 ರೂಪಾಯಿ ಪ್ರೀಮಿಯಂ ಖಾತೆಗೆ ಹೋಗುತ್ತಿತ್ತು.

ಈಗ ಮಾರಾಟವಾದ ಷೇರುಗಳ ಮೇಲೆ ಉಳಿದ ಲಾಭವನ್ನು ಬಂಡವಾಳ ಮೀಸಲಿಗೆ ಹಾಕಬೇಕು. ಇದು ವ್ಯಾಪಾರದ ಲಾಭವಲ್ಲ, ಆದಾಯಕ್ಕೆ ಸೇರಿಸಬೇಡಿ. ಲೆಕ್ಕವನ್ನು ಇಬ್ಬರಿಗೂ ಬೇರೆ ಬೇರೆ ಮಾಡಿ. ಪಾಂಡವಪುರದ 200 ಷೇರಿಗೆ ಮುಟ್ಟುಗೋಲು 1,000, ಬೆಲೆಯಲ್ಲಿ ಇಳಿಸಿದ್ದು 400, ಉಳಿದದ್ದು 600. ಮದ್ದೂರಿನ 50 ಷೇರಿಗೆ ಮುಟ್ಟುಗೋಲು 150, ಬೆಲೆಯಲ್ಲಿ ಇಳಿಸಿದ್ದು 100, ಉಳಿದದ್ದು 50.

ಷೇರು ಮುಟ್ಟುಗೋಲು ಖಾತೆ ಡೆಬಿಟ್ 650
ಬಂಡವಾಳ ಮೀಸಲು ಖಾತೆ ಕ್ರೆಡಿಟ್ 650

1,300ರಲ್ಲಿ 500 ಕಳೆದು ಉಳಿದ 800ನ್ನು ಪೂರ್ತಿ ಮೀಸಲಿಗೆ ಹಾಕುವ ಆತುರ ಬೇಡ. ಮದ್ದೂರಿನ 50 ಷೇರು ಇನ್ನೂ ಮಾರಾಟವಾಗಿಲ್ಲ, ಅವುಗಳ ಹಣ ಮುಟ್ಟುಗೋಲು ಖಾತೆಯಲ್ಲೇ ಉಳಿಯಬೇಕು. 50 ಷೇರಿಗೆ ತಲಾ 3ರಂತೆ 150 ಅಲ್ಲಿ ಉಳಿದಿದ್ದರೆ ನಿಮ್ಮ ಎಂಟ್ರಿ ಸರಿ. ಸರಾಸರಿ ತೆಗೆದು ಲೆಕ್ಕ ಹಾಕಿದವರಿಗೆ ಈ 150 ಸಿಗುವುದಿಲ್ಲ, ಏಕೆಂದರೆ ಇಬ್ಬರ ಷೇರಿನ ಮೇಲೆ ಬಂದಿದ್ದ ಹಣ ಒಂದೇ ಅಲ್ಲ.

ಟ್ಯಾಲಿಯಲ್ಲಿ ಬರೆಯುವವರು ಹಣ ಬಂದ ಎಂಟ್ರಿಗೆ `F6`, ಉಳಿದವಕ್ಕೆ `F7` ಬಳಸಿ. ಪ್ರೀಮಿಯಂ ಮತ್ತು ಬಂಡವಾಳ ಮೀಸಲು ಲೆಡ್ಜರ್‌ಗಳನ್ನು `Reserves & Surplus` ಗುಂಪಿನಲ್ಲಿ ತೆರೆಯಿರಿ. ಷೇರು ಮುಟ್ಟುಗೋಲು ಲೆಡ್ಜರ್ ಅಲ್ಲಿಗೆ ಸೇರುವುದಿಲ್ಲ. ಬ್ಯಾಲೆನ್ಸ್ ಶೀಟಿನ ಟಿಪ್ಪಣಿಯಲ್ಲಿ ಅದನ್ನು ಷೇರು ಬಂಡವಾಳಕ್ಕೇ ಕೂಡಿಸಿ ತೋರಿಸಬೇಕು. ನಮ್ಮ ಕಂಪನಿಯಲ್ಲಿ 9,950 ಷೇರಿನ ಬಂಡವಾಳ 99,500, ಅದಕ್ಕೆ ಮುಟ್ಟುಗೋಲು 150 ಕೂಡಿ 99,650. ಮೀಸಲಿನ ಕಡೆ ಪ್ರೀಮಿಯಂ 49,500 ಮತ್ತು ಬಂಡವಾಳ ಮೀಸಲು 650. ಎಲ್ಲ ಸೇರಿ 1,49,800. ಮರುವಿತರಣೆಯ 2,000 ಬಂದ ಮೇಲೆ ಬ್ಯಾಂಕ್ ಖಾತೆಯಲ್ಲಿ ಷೇರಿನಿಂದ ಬಂದ ಒಟ್ಟು ಹಣವೂ ಅಷ್ಟೇ.